ಮೀನು, ಕೆಂಪು ವೈನ್ ಮತ್ತು ಒಂದಿಷ್ಟು ಕಬ್ಬಿಣ

ತಟ್ಟೆಯಲ್ಲಿ ಆಗಷ್ಟೇ ಕಾವಲಿಯಿಂದ ಇಳಿದ ಬಂಗುಡೆ, ಪಕ್ಕದಲ್ಲಿ ಒಂದು ಲೋಟ ಕೆಂಪು ವೈನ್. ಮೀನನ್ನಷ್ಟೇ ತಿಂದರೆ ರುಚಿ, ವೈನನ್ನಷ್ಟೇ ಕುಡಿದರೂ ರುಚಿ. ಒಂದರ ಹಿಂದೆ ಇನ್ನೊಂದು ಹೋದಾಗ ಮಾತ್ರ ಎಡವಟ್ಟು. ನುಂಗಿ ಒಂದೆರಡು ಕ್ಷಣ ಕಳೆಯುವಷ್ಟರಲ್ಲಿ, ತುಕ್ಕು ಹಿಡಿದ ಕೀಲಿಕೈಯನ್ನು ನೆಕ್ಕಿದಂಥ ರುಚಿ ಗಂಟಲಿನಿಂದ ಮೇಲೇಳುತ್ತದೆ. ಅದರ ಬೆನ್ನಿಗೇ ಹಳಸಿದ ಮೀನಿನ ನಾತ.

ಮೀನಿಗೆ ಬಿಳಿ ವೈನ್, ಮಾಂಸಕ್ಕೆ ಕೆಂಪು ಎಂಬ ಯುರೋಪಿನ ಹಳೆಯ ರೂಢಿ ಹುಟ್ಟಿದ್ದಕ್ಕೆ ಇಂಥ ಅನುಭವವೂ ಒಂದು ಕಾರಣವಿರಬೇಕು. ತಪ್ಪೆಲ್ಲ ಕೆಂಪು ವೈನಿನ ಒಗರಿನದು, ಅಂದರೆ ಟ್ಯಾನಿನ್‌ನದು ಎಂದೇ ಬಹುಕಾಲ ಜನ ನಂಬಿದ್ದರು. ಆದರೆ ಕೆಲವು ಕೆಂಪು ವೈನ್‌ಗಳು ಮೀನಿನ ಜೊತೆ ಯಾವ ತಕರಾರೂ ಇಲ್ಲದೆ ಹೊಂದಿಕೊಳ್ಳುತ್ತವೆ. ಹಾಗಾದರೆ ಕಳ್ಳ ಯಾರು?

ಜಪಾನಿನ ಮರ್ಷಿಯನ್ ಎಂಬ ವೈನ್ ಕಂಪನಿಯ ಸಂಶೋಧಕ ತಕಾಯುಕಿ ತಮುರಾ ಮತ್ತು ಸಂಗಡಿಗರು ಆ ಕಳ್ಳನನ್ನು ಹುಡುಕಲು ಹೊರಟರು. 38 ಕೆಂಪು, 26 ಬಿಳಿ ವೈನ್‌ಗಳನ್ನು ತಂದು, ರುಚಿ ನೋಡುವುದರಲ್ಲಿ ಪಳಗಿದವರ ಮುಂದಿಟ್ಟರು. ಜೊತೆಗೆ ತಿನ್ನಲು ಕೊಟ್ಟದ್ದು ಸ್ಕ್ಯಾಲಪ್, ನಮ್ಮ ಕರಾವಳಿಯ ಮರುವಾಯಿಯ ಹಾಗೆ ಅದೂ ಒಂದು ಚಿಪ್ಪುಜೀವಿ. ಯಾವ ವೈನ್ ಕುಡಿದಾಗ ಮೀನುನಾತ ಎಷ್ಟು ಬಂತು ಎಂದು ಅಂಕ ಹಾಕಿಸಿ, ಆ ಅಂಕಗಳನ್ನು ವೈನ್‌ಗಳ ರಾಸಾಯನಿಕ ವಿಶ್ಲೇಷಣೆಯ ಪಕ್ಕದಲ್ಲಿಟ್ಟು ನೋಡಿದರು. ನಾತದ ಜೊತೆಗೆ ಏರುತ್ತಾ ಹೋಗಿದ್ದದ್ದು ಕಬ್ಬಿಣದ ಪ್ರಮಾಣ. ಲೀಟರಿಗೆ 2 ಮಿಲಿಗ್ರಾಂ ದಾಟಿದ ವೈನ್‌ಗಳಲ್ಲಿ ನಾತ ಜೋರಾಗಿತ್ತು.

ಏರಿಕೆ ಜೊತೆಜೊತೆಗೆ ಕಂಡಿತು ಎಂದ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲವಲ್ಲ. ಅದಕ್ಕೇ ಅವರು ವೈನಿನಂಥ ದ್ರಾವಣಕ್ಕೆ ತಾವೇ ಕಬ್ಬಿಣ ಸೇರಿಸಿ ನೋಡಿದರು, ನಾತ ಹೆಚ್ಚಿತು. ಕಬ್ಬಿಣವನ್ನು ಹಿಡಿದು ಕಟ್ಟಿಹಾಕುವ ರಾಸಾಯನಿಕ ಬೆರೆಸಿದರು, ನಾತ ಇಳಿಯಿತು. 2009ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಕಬ್ಬಿಣ ಮಾಡುವ ಕಿತಾಪತಿ ಇಷ್ಟು: ಸಮುದ್ರದ ಮೀನು, ಚಿಪ್ಪುಗಳ ಕೊಬ್ಬು ಗಾಳಿ ತಾಗಿದರೆ ಬೇಗ ಕೆಡುವ ಜಾತಿಯದು. ಕೆಡಲು ಶುರುವಾದ ಆ ಕೊಬ್ಬಿಗೆ ಕಬ್ಬಿಣ ಸೋಕಿದೊಡನೆ ಅದು ಬಾಯಲ್ಲೇ ಒಡೆದು, ಗಾಳಿಯಲ್ಲಿ ಹಾರುವ ಸಣ್ಣ ಅಣುಗಳಾಗಿ ಮೂಗಿಗೇರುತ್ತದೆ. ಅವುಗಳಲ್ಲಿ ಒಂದರ ಹೆಸರು ಆಕ್ಟೆನೋನ್. ಕಬ್ಬಿಣದ ಸರಳು ಹಿಡಿದ ಕೈಯನ್ನು ಮೂಸಿದಾಗ ಬರುವ ವಾಸನೆಯೂ ಇದರದೇ. ಅದು ಕಬ್ಬಿಣದ ವಾಸನೆಯಲ್ಲ, ಕಬ್ಬಿಣ ತಾಗಿ ಒಡೆದ ನಮ್ಮದೇ ಚರ್ಮದ ಜಿಡ್ಡಿನದು! ಲೋಹದ ರುಚಿ ಎಂದು ನಾಲಿಗೆ ದೂರುವಾಗ ನಿಜಕ್ಕೂ ದೂರು ಕೊಡುತ್ತಿರುವುದು ಮೂಗು.

ವೈನಿಗೆ ಕಬ್ಬಿಣ ಬರುವುದು ತೋಟದ ಮಣ್ಣಿನಿಂದ, ಹಣ್ಣಿಗೆ ಅಂಟಿದ ಧೂಳಿನಿಂದ, ಹಿಂಡುವ ಯಂತ್ರ, ತೊಟ್ಟಿಗಳಿಂದ. ಕೆಂಪು ವೈನನ್ನು ಸಿಪ್ಪೆಯ ಜೊತೆಗೇ ಹುದುಗಿಸುವುದರಿಂದ ಅದಕ್ಕೆ ಒಗರಂತೂ ಹೆಚ್ಚು, ಕಬ್ಬಿಣವೂ ಹಲವು ಸಲ ಹೆಚ್ಚಿರುತ್ತದೆ. ಆದರೆ ಎಷ್ಟಿದೆ ಎಂದು ಯಾವ ಲೇಬಲ್ಲೂ ಹೇಳುವುದಿಲ್ಲ; ಒಂದೇ ಊರಿನ ಎರಡು ಬಾಟಲಿಗಳಲ್ಲಿ ಬೇರೆ ಬೇರೆ ಇರಬಹುದು. ಹಾಗಾಗಿ ಊಟದ ಮೇಜಿನ ಮೇಲೆ ಅಂದಾಜೇ ಗತಿ.

ಅಂದಾಜಿಗೆ ಸಮುದ್ರತೀರದ ಊರುಗಳ ಅಭ್ಯಾಸ ನೆರವಾಗುತ್ತದೆ. ಫ್ರಾನ್ಸಿನಲ್ಲಿ ಲುವಾರ್ ನದಿ ಕಡಲು ಸೇರುವ ಕಡೆ ಸಿಂಪಿಗೆ ಮಸ್ಕಡೇ ಎಂಬ ಹುಳಿ ಬಿಳಿ ವೈನ್; ಸ್ಪೇನಿನ ಗಲೀಸಿಯಾದಲ್ಲಿ ಚಿಪ್ಪು, ಸಿಗಡಿಗೆ ಅಲ್ಬರೀನ್ಯೋ. ಎರಡೂ ತೆಳು, ತಂಪು, ಒಗರಿಲ್ಲದವು. ಭಾರತದಲ್ಲಿ ಸುಲಭಕ್ಕೆ ಸಿಗುವ ಸೋವಿನ್ಯೋಂ ಬ್ಲಾಂ ಕೂಡ ಇದೇ ದಾರಿಯದು, ಕಾಣೆ ಫ್ರೈಗೆ ಒಪ್ಪುತ್ತದೆ. ಖಾರದ ಗಸಿಯಿದ್ದರೆ ತುಸು ಸಿಹಿ ಉಳಿಸಿಕೊಂಡ ಶೆನಿನ್ ಬ್ಲಾಂ ಮೇಲು. ಮೆಣಸಿನ ಉರಿಗೆ ಒಗರು ಸೇರಿದರೆ ಬಾಯಿ ಸುಟ್ಟಂತಾಗುತ್ತದೆ.

ಕೆಂಪೇ ಬೇಕೆನ್ನುವವರು ಪಿನೋ ನ್ವಾರ್, ಗಮೇಯಂಥ ತೆಳು ಒಗರಿನ ವೈನ್ ಆರಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕುಡಿಯಬಹುದು. ಕೆಂಡದ ಮೇಲೆ ಸುಟ್ಟ ಟ್ಯೂನಾ, ಸಾಲ್ಮನ್‌ಗೆ ಇವು ಜೊತೆಯಾಗುತ್ತವೆ. ಬಂಗುಡೆ, ಭೂತಾಯಿಯಂಥ ಎಣ್ಣೆ ಮೀನಾದರೆ ಅಪಾಯ ಜಾಸ್ತಿ, ಐಸಿನಲ್ಲಿ ಎರಡು ದಿನ ಕಳೆದದ್ದಾದರೆ ಇನ್ನೂ ಜಾಸ್ತಿ.

ತಂದ ಬಾಟಲಿ ಕೈಕೊಟ್ಟಿತೆನ್ನಿ. ಮೀನಿನ ಮೇಲೆ ಧಾರಾಳವಾಗಿ ನಿಂಬೆಹಣ್ಣು ಹಿಂಡಿ ಇನ್ನೊಂದು ತುತ್ತು ತಿಂದು ನೋಡಬಹುದು. ನಿಂಬೆಯ ಸಿಟ್ರಿಕ್ ಆಮ್ಲಕ್ಕೆ ಕಬ್ಬಿಣವನ್ನು ಹಿಡಿದಿಡುವ ಗುಣವಿದೆ. ಅಷ್ಟಾದರೂ ಕೀಲಿಕೈ ರುಚಿ ಹೋಗದಿದ್ದರೆ ಆ ವೈನನ್ನು ಮುಚ್ಚಳ ಹಾಕಿ ನಾಳೆಯ ಮಟನ್ ಸಾರಿಗೆ ಎತ್ತಿಡುವುದೇ ಸರಿ.