ಮಾಸಿದ ಬಿಲ್ಲಿನ 32 ಮನೆಗಳು

ಮೈಸೂರಿನಲ್ಲಿ ಅಮ್ಮ ದಿನಸಿಯ ಲೆಕ್ಕವನ್ನು ಇವತ್ತಿಗೂ ಒಂದು ಪುಸ್ತಕದಲ್ಲಿ ಬರೆದಿಡುತ್ತಾಳೆ. ತಿಂಗಳ ಬಿಲ್ಲುಗಳೆಲ್ಲ ಪರ್ಸಿನ ಪ್ಲಾಸ್ಟಿಕ್ ಕಿಸೆಯಲ್ಲಿ ಸೇರುತ್ತವೆ, ಪುರುಸೊತ್ತಾದಾಗ ಒಂದೊಂದಾಗಿ ಪುಸ್ತಕಕ್ಕೆ ಏರುತ್ತವೆ. ಈ ಸಲ ಪುರುಸೊತ್ತು ತಡವಾಯಿತು. 2025ರ ಜುಲೈ ತಿಂಗಳ ಒಂದು ಬಿಲ್ಲನ್ನು ನನ್ನ ಕೈಗಿಟ್ಟು, "ಕೊಟ್ಟಾಗ ಕಪ್ಪಗೇ ಇತ್ತು ಕಣೋ, ಈಗ ನೋಡು" ಎಂದಳು. ಅಂಚಿನಲ್ಲಿ ಅಕ್ಷರಗಳಿದ್ದವು. ನಡುವೆ ಹೊಗೆಯಂಥ ಗುರುತು ಮಾತ್ರ ಉಳಿದಿತ್ತು.

ಮಾಸಿತು ಅಂದರೆ ಏನಾಯಿತು ಎಂದು ಮೊದಲು ನೋಡೋಣ. ಈ ಕಾಗದದಲ್ಲಿ ಶಾಯಿಯೇ ಇಲ್ಲ. ಮೇಲ್ಮೈಯ ಲೇಪದಲ್ಲಿ ಬಣ್ಣ ತೋರದ ಒಂದು ಬಣ್ಣದ್ರವ್ಯವೂ ಅದನ್ನು ಕಪ್ಪಾಗಿಸುವ ಸೌಮ್ಯ ಆಮ್ಲದಂಥ ಇನ್ನೊಂದು ವಸ್ತುವೂ ಅಕ್ಕಪಕ್ಕದಲ್ಲಿ ಮಲಗಿರುತ್ತವೆ. ಪ್ರಿಂಟರಿನ ಪುಟ್ಟ ಬಿಸಿ ಚುಕ್ಕೆಗಳು ತಾಗಿದ ಕಡೆ ಎರಡೂ ಕರಗಿ ಬೆರೆತು ಕಪ್ಪಾಗುತ್ತವೆ. ಆ ನಂಟು ಗಟ್ಟಿಯದಲ್ಲ. ಪ್ಲಾಸ್ಟಿಕ್ ಕಿಸೆಯನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ದ್ರವ್ಯ ಕಾಗದಕ್ಕೆ ಇಳಿದರೆ ಜೋಡಿ ಬಿಡಿಸಿಕೊಂಡು ಅಕ್ಷರ ಮತ್ತೆ ಬಿಳಿಯಾಗುತ್ತದೆ. ಅಡುಗೆ ಎಣ್ಣೆಯ ಕೈ, ಸ್ಯಾನಿಟೈಸರ್, ಅಂಟು ಟೇಪು, ಬಿಸಿಲು ಎಲ್ಲವೂ ಕಾಟ ಕೊಡುತ್ತವೆ. ಪ್ಲಾಸ್ಟಿಕ್ ಅಥವಾ ಎಣ್ಣೆ ತಾಗಿದ್ದರೆ ತಾಗಿದಷ್ಟು ಜಾಗ ಪಟ್ಟೆಯಾಗಿ ಮಾಸುತ್ತದೆ. ಬೆಳಕಿನಲ್ಲಿಟ್ಟದ್ದು ಇಡಿಯಾಗಿ ಮಾಸುತ್ತದೆ. ಮೇಲಿಂದ ಕೆಳಗಿನವರೆಗೆ ಪ್ರತಿ ಸಾಲಿನಲ್ಲೂ ಒಂದೇ ಜಾಗದಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಹಾದಿದ್ದರೆ ಅದು ಮಾಸಿದ್ದಲ್ಲ; ಪ್ರಿಂಟರಿನ ಒಂದು ಚುಕ್ಕೆ ಕೆಟ್ಟಿದೆ, ಅಲ್ಲಿ ಅಚ್ಚೇ ಆಗಿಲ್ಲ.

ಇಂಥ ಬಿಲ್ಲು ಸಿಕ್ಕ ಕೂಡಲೇ ಸಮತಟ್ಟಾಗಿ ಒತ್ತಿ ಸ್ಕ್ಯಾನ್ ಮಾಡಿ, ಇಲ್ಲವೇ ನೆರಳಿನ ಬೆಳಕಿನಲ್ಲಿ ನೇರ ಮೇಲಿನಿಂದ ಫೋಟೊ ತೆಗೆಯಿರಿ. ಬಣ್ಣದಲ್ಲೇ ತೆಗೆಯಬೇಕು. ಕಪ್ಪು-ಬಿಳುಪು ಆಯ್ಕೆಯಲ್ಲಿ ಯಂತ್ರವೇ ಮಸುಕನ್ನೆಲ್ಲ ಬಿಳಿ ಎಂದು ತೀರ್ಮಾನಿಸಿ ಎಸೆದುಬಿಡುತ್ತದೆ. ಬಣ್ಣದ ಚಿತ್ರದಲ್ಲಿ ಆಮೇಲೆ ಕಾಂಟ್ರಾಸ್ಟ್ ಏರಿಸಿದರೆ ಎಷ್ಟೋ ಅಂಕಿಗಳು ಎದ್ದು ಬರುತ್ತವೆ. ಕಾಗದವನ್ನು ಬಿಸಿ ಮಾಡಿದರೆ ಅಕ್ಷರ ಕಾಣುತ್ತದೆ ಎಂದು ಕೆಲವರು ಇಸ್ತ್ರಿಪೆಟ್ಟಿಗೆ ಹಿಡಿಯುತ್ತಾರೆ. ಕೈ ಒಂದಿಷ್ಟು ತಪ್ಪಿದರೂ ಇಡೀ ಕಾಗದ ಕಪ್ಪಾಗಿ ಉಳಿದದ್ದೂ ಹೋಗುತ್ತದೆ. ಜೋಪಾನ ಮಾಡಲೆಂದು ಲ್ಯಾಮಿನೇಷನ್ ಮಾಡಿಸಿದವರ ಬಿಲ್ಲಿನ ಗತಿಯೂ ಅದೇ.

ಇಷ್ಟಾದ ಮೇಲೆ ಓದು. ಮಸುಕಾದ ಅಂಕಿಯನ್ನೇ ದಿಟ್ಟಿಸುತ್ತಾ ಕೂರುವುದು ಎಲ್ಲರೂ ಮಾಡುವ ತಪ್ಪು. ದಿಟ್ಟಿಸಿದಷ್ಟೂ ಕಣ್ಣು ತನಗೆ ಬೇಕಾದ ಅಂಕಿಯನ್ನು ಅಲ್ಲಿ ಕಾಣತೊಡಗುತ್ತದೆ. ಅಕ್ಷರ ಬಿಟ್ಟು ಮೊದಲು ಜಾಗವನ್ನು ಓದಬೇಕು.

ಸಣ್ಣ ಅಂಗಡಿಗಳ ಬಿಲ್ಲಿನ ಕಾಗದ 58 ಮಿಲಿಮೀಟರ್ ಅಗಲ. ಅದರಲ್ಲಿ ಅಚ್ಚಾಗುವುದು ಸಾಮಾನ್ಯವಾಗಿ 48 ಮಿಲಿಮೀಟರ್. ಮಿಲಿಮೀಟರಿಗೆ 8 ಚುಕ್ಕೆಯಂತೆ 384 ಚುಕ್ಕೆ. ಮಾಮೂಲಿ ಅಕ್ಷರವೊಂದಕ್ಕೆ 12 ಚುಕ್ಕೆ ಅಗಲ ಬೇಕು. ಹಾಗಾಗಿ ಒಂದು ಸಾಲಿನಲ್ಲಿ ಸರಿಯಾಗಿ 32 ಅಕ್ಷರ, ಒಂದೊಂದಕ್ಕೂ ಒಂದೂವರೆ ಮಿಲಿಮೀಟರ್. ಸಣ್ಣ ಅಚ್ಚು ಬಳಸಿದ್ದರೆ ಲೆಕ್ಕ ಬೇರೆಯಾದೀತು, ಆದರೆ ಎಲ್ಲ ಅಕ್ಷರಗಳೂ ಒಂದೇ ಅಗಲದವು ಎಂಬುದು ಬದಲಾಗುವುದಿಲ್ಲ. ಚೌಕಾಬಾರದ ಹಾಸಿನಂತೆ ಬಿಲ್ಲಿನಲ್ಲೂ ಮನೆಗಳಿವೆ. ಕಾಯಿ ಕಾಣದಿದ್ದರೂ ಮನೆ ಎಲ್ಲಿದೆ ಎಂದು ಗೊತ್ತು.

ಅಮ್ಮನ ಬಿಲ್ಲು ಹೀಗಿತ್ತು. ಕಾಣದ ಅಂಕಿಯ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

```
ITEM            QTY  RATE    AMT
TOOR DAL LOOS 1.500142.00 213.00
TOMATO LOCAL  0.4?5 38.00  18.43
SUNFLOWER OIL 2.0001?7.00 2?4.00
1L POUCH
TEA POWDER 25 1.000126.00 126.00
0G
BATH SOAP 4PC 1.0001?7.00 1?7.00
SALT IODISED  1.000 28.00  28.00
ROUND OFF                  -0.43
TOTAL                     856.00
GST  VALUE   CGST   SGST
0%   259.43
5%   400.00  10.00  10.00
18%  150.00  13.50  13.50
```

ಮನೆಗಳ ಹಂಚಿಕೆ ನೋಡಿ. ಹೆಸರಿಗೆ 13, ಪ್ರಮಾಣಕ್ಕೆ 6, ದರಕ್ಕೆ 6, ಮೊತ್ತಕ್ಕೆ 7. ಸ್ಕೇಲು ಇಟ್ಟು ಅಚ್ಚಿನ ಎಡ ತುದಿಯಿಂದ 19.5, 28.5, 37.5 ಮಿಲಿಮೀಟರಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದರೆ ಕಾಲಂಗಳು ಸಿದ್ಧ. ಗೆರೆಯನ್ನು ಫೋಟೊದ ಪ್ರಿಂಟಿನ ಮೇಲೆ ಎಳೆಯಿರಿ, ಮೂಲದ ಮೇಲೆ ಬೇಡ. ಉಗುರು ಗೀರಿದರೂ ಆ ಕಾಗದದಲ್ಲಿ ಕಪ್ಪು ಗೆರೆ ಮೂಡುತ್ತದೆ. ಪ್ರಿಂಟನ್ನು ಮೂಲದಷ್ಟೇ ಅಳತೆಯಲ್ಲಿ ತೆಗೆದಿರಬೇಕು ಅಷ್ಟೆ.

ಗೆರೆ ಯಾಕೆ ಬೇಕು ಎಂಬುದಕ್ಕೆ ಬೇಳೆಯ ಸಾಲೇ ಸಾಕ್ಷಿ. ದರ ನೂರು ದಾಟಿದಾಗ ತನ್ನ 6 ಮನೆಗಳನ್ನೂ ತುಂಬಿ ಪ್ರಮಾಣಕ್ಕೆ ಅಂಟಿಕೊಳ್ಳುತ್ತದೆ, ನಡುವೆ ಖಾಲಿ ಮನೆ ಉಳಿಯುವುದಿಲ್ಲ. ಅವಸರದಲ್ಲಿ ಓದಿದವರು 1.500142.00 ಎಂಬುದನ್ನು ಹೇಗೆ ಒಡೆಯಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಪ್ರಮಾಣಕ್ಕೆ ಬಿಂದುವಿನ ಆಚೆ ಯಾವಾಗಲೂ 3 ಅಂಕಿ, ಹಣಕ್ಕೆ 2. ಅಲ್ಲಿಗೆ ಒಂದೂವರೆ ಕೆಜಿ, ದರ 142 ರೂಪಾಯಿ, ಮೊತ್ತ 213. ಗುಣಿಸಿದರೆ ಸರಿ ಹೊಂದುತ್ತದೆ.

ಇನ್ನು ಎಣ್ಣೆಯ ಕೆಳಗೆ, ಚಹಾ ಪುಡಿಯ ಕೆಳಗೆ ಇರುವ ತುಂಡುಗಳು. ಅವು ಹೊಸ ಸಾಮಾನಲ್ಲ. 13 ಮನೆಗಳಲ್ಲಿ ಹಿಡಿಸದ ಹೆಸರು ಕೆಳಗಿನ ಸಾಲಿಗೆ ಜಾರಿದೆ; 250 ಗ್ರಾಮಿನ 25 ಮೇಲೆ ನಿಂತು ಸೊನ್ನೆ ಕೆಳಗೆ ಬಿದ್ದಿದೆ. ಮೊತ್ತವಿಲ್ಲದ ಸಾಲು ಇಲ್ಲಿ ಮೇಲಿನದಕ್ಕೆ ಸೇರಿದ್ದು. ಇನ್ನು ಕೆಲವು ಅಂಗಡಿಗಳಲ್ಲಿ ಇದು ತಿರುವುಮುರುವು: ಮೊದಲು ಹೆಸರಷ್ಟೇ ಒಂದು ಸಾಲು, ಅದರ ಕೆಳಗೆ ಅಂಕಿಗಳು. ತಲೆಬರಹದ ಕೆಳಗಿನ ಮೊದಲ ಸಾಲನ್ನೇ ನೋಡಿದರೆ ಯಾವ ಬಗೆಯದೆಂದು ತಿಳಿಯುತ್ತದೆ. ಅಲ್ಲಿ ಮೊತ್ತವಿದ್ದರೆ ನಮ್ಮ ಬಗೆ. ಇದನ್ನು ತಪ್ಪಿದರೆ ಪ್ರತಿ ಹೆಸರೂ ಪಕ್ಕದ ಸಾಮಾನಿನ ಬೆಲೆಯನ್ನು ಹೊತ್ತು ಕೂರುತ್ತದೆ. ಕೂಡಿದರೆ ಒಟ್ಟು ಸರಿಯೇ ಬರುವುದರಿಂದ ಈ ತಪ್ಪನ್ನು ಒಟ್ಟು ಮೊತ್ತ ಹಿಡಿದುಕೊಡುವುದಿಲ್ಲ. ಮಿಕ್ಕೆಲ್ಲ ತಪ್ಪಿಗಿಂತ ನಾನು ಹೆಚ್ಚು ಅಂಜುವುದು ಇದಕ್ಕೇ.

ಈಗ ಕಾಣದ ಅಂಕಿಗಳು. ಟೊಮೆಟೊ ಸುಲಭ. ದರ 38, ಮೊತ್ತ 18.43 ಎರಡೂ ಕಾಣುತ್ತಿವೆ. ಭಾಗಿಸಿದರೆ 0.485. ಪಕ್ಕದ ಅಂಕಿಗಳನ್ನೂ ಹಾಕಿ ನೋಡಿದೆ: 0.475 ಆಗಿದ್ದರೆ 18.05 ಆಗಬೇಕಿತ್ತು, 0.495 ಆಗಿದ್ದರೆ 18.81. ಹಾಗಾಗಿ ಅಲ್ಲಿ 8 ಬಿಟ್ಟು ಬೇರೇನೂ ಕೂರುವುದಿಲ್ಲ.

ಎಣ್ಣೆ ಅಷ್ಟು ಸಲೀಸಾಗಿ ಬಗ್ಗಲಿಲ್ಲ. 2 ಪೊಟ್ಟಣ, ದರದಲ್ಲೂ ಮೊತ್ತದಲ್ಲೂ ಒಂದೊಂದು ಅಂಕಿ ಮಾಯ. 107ರಿಂದ 147ರವರೆಗೆ ಐದು ದರಗಳು ಹೊಂದುತ್ತವೆ. ಸರಿ, ಒಟ್ಟಿನಿಂದ ಕಳೆಯೋಣ ಎಂದು ಹೊರಟೆ. ಅಂಗಡಿಯವರು 43 ಪೈಸೆ ಬಿಟ್ಟಿರುವುದರಿಂದ ನಿಜವಾದ ಒಟ್ಟು 856.43. ಇದನ್ನು ಮರೆತರೆ ಪೈಸೆಯ ಲೆಕ್ಕ ಎಂದೂ ಕೂಡುವುದಿಲ್ಲ. ಕಾಣುವ ನಾಲ್ಕು ಮೊತ್ತಗಳು ಸೇರಿ 385.43. ಉಳಿದದ್ದು 471. ಅದು ಎಣ್ಣೆ ಮತ್ತು ಸೋಪು ಎರಡರದೂ ಸೇರಿ, ಏಕೆಂದರೆ ಸೋಪಿನ ಸಾಲಿನಲ್ಲೂ ನಡುವಿನ ಅಂಕಿ ಇಲ್ಲ. ಎಣ್ಣೆ 294, ಸೋಪು 177 ಅಂದರೂ 471. ಎಣ್ಣೆ 274, ಸೋಪು 197 ಅಂದರೂ 471. ಎರಡೂ ನಂಬುವಂಥ ಬೆಲೆಗಳೇ. ಕಣ್ಣನ್ನು ಕೇಳಿದರೆ ಒಮ್ಮೆ 7 ಅನ್ನುತ್ತದೆ, ಒಮ್ಮೆ 9.

ಬಿಡಿಸಿಕೊಟ್ಟದ್ದು ಬಿಲ್ಲಿನ ಕೆಳಗಿನ ತೆರಿಗೆ ಪಟ್ಟಿ. ಸಾಮಾನ್ಯವಾಗಿ ಯಾರೂ ಅತ್ತ ನೋಡುವುದಿಲ್ಲ. ಬಿಲ್ಲಿನ ತಾರೀಖು ಜುಲೈ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳು ಬದಲಾಗುವವರೆಗೆ ಸ್ನಾನದ ಸೋಪಿಗೆ ಶೇ 18 ತೆರಿಗೆಯಿತ್ತು. ಅಡುಗೆ ಎಣ್ಣೆಗೆ, ಚಹಾ ಪುಡಿಗೆ ಶೇ 5. ಬಿಡಿ ಬೇಳೆ, ಟೊಮೆಟೊ, ಉಪ್ಪಿಗೆ ತೆರಿಗೆಯಿಲ್ಲ. ಹಾಗಾದರೆ ಶೇ 18ರ ಸಾಲಿನಲ್ಲಿ ಸೋಪು ಒಂದೇ ನಿಂತಿದೆ. ತೆರಿಗೆಗೆ ಮುಂಚಿನ ಬೆಲೆ 150, ಕೇಂದ್ರ ಮತ್ತು ರಾಜ್ಯದ ತೆರಿಗೆ ತಲಾ 13.50, ಒಟ್ಟು 177. ಶೇ 5ರ ಸಾಲು 400ಕ್ಕೆ 20 ಸೇರಿ 420. ಅದರಲ್ಲಿ ಚಹಾದ 126 ಕಳೆದರೆ ಎಣ್ಣೆಗೆ 294, ಪೊಟ್ಟಣಕ್ಕೆ 147. ಎರಡನ್ನೂ ಕೂಡಿದರೆ ಅದೇ 471. ಬೇಳೆ, ಟೊಮೆಟೊ, ಉಪ್ಪು ಮೂರೂ ಸೇರಿ 259.43, ಅದೂ ಪಟ್ಟಿಯಲ್ಲಿದೆ. ಬೇರೆ ಬೇರೆ ದಾರಿಯಿಂದ ಬಂದ ಲೆಕ್ಕಗಳು ಒಂದೇ ಕಡೆ ಸೇರಿದಾಗಲೇ ನಾನು ಪೆನ್ನು ಎತ್ತಿಕೊಂಡದ್ದು.

ಇದೇ ಬಿಲ್ಲು ಅಕ್ಟೋಬರಿನದಾಗಿದ್ದರೆ ಸೋಪೂ ಶೇ 5ರ ಸಾಲಿಗೆ ಸೇರಿ ಎಣ್ಣೆಯೊಂದಿಗೆ ಬೆರೆತುಹೋಗುತ್ತಿತ್ತು. ತೆರಿಗೆ ಪಟ್ಟಿಯಿಂದ ಆಗ ಏನೂ ದಕ್ಕುತ್ತಿರಲಿಲ್ಲ. ಅದಕ್ಕೇ ತಾರೀಖನ್ನು ಎಲ್ಲಕ್ಕಿಂತ ಮೊದಲು ಓದಿಟ್ಟುಕೊಳ್ಳಬೇಕು. ಪೈಸೆಯ ವಿಷಯದಲ್ಲಿ ಒಂದಿಷ್ಟು ಸಡಿಲವಿರಲಿ. ಸೋಪು 160 ರೂಪಾಯಿಯದಾಗಿದ್ದರೆ ಪಟ್ಟಿಯಲ್ಲಿ 135.59, 12.20, 12.20 ಎಂದಿರುತ್ತಿತ್ತು, ಕೂಡಿದರೆ 159.99. ಒಂದೆರಡು ಪೈಸೆ ಹೀಗೆ ಸೋರುವುದು ಸಹಜ. ರೂಪಾಯಿ ಸೋರಿದರೆ ಎಲ್ಲೋ ಒಂದು ಸಾಲು ತಪ್ಪಿದೆ. ಹೋಟೆಲಿನ ಬಿಲ್ಲುಗಳಲ್ಲಿ ದರದೊಳಗೆ ತೆರಿಗೆ ಸೇರಿರದೆ ಕೊನೆಗೆ ಸೇರುವುದುಂಟು, ಅಲ್ಲಿ ಈ ಕೂಡುವ ಕ್ರಮ ಬೇರೆ.

ಬಿಲ್ಲುಗಳು ನೂರಾರು ಇದ್ದರೆ ಕಂಪ್ಯೂಟರಿನಿಂದ ಓದಿಸುವವರಿದ್ದಾರೆ. ಟೆಸೆರ‍್ಯಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಹೀಗೆ ಹೇಳಬಹುದು:

```
tesseract bill.png bill --psm 6 -c preserve_interword_spaces=1
```

ಇಡೀ ಬಿಲ್ಲನ್ನು ಒಂದೇ ಪಠ್ಯವೆಂದು ಓದು, ಖಾಲಿ ಮನೆಗಳನ್ನು ನುಂಗಬೇಡ ಎಂಬುದು ಅದರ ಅರ್ಥ. ಖಾಲಿ ಮನೆ ನುಂಗಿದರೆ ಯಾವ ಅಂಕಿ ಯಾವ ಕಾಲಮ್ಮಿನದೆಂದು ಹೇಳಲು ಆಧಾರವೇ ಇರುವುದಿಲ್ಲ. ಆದರೆ ಅಂಟಿಕೊಂಡ 1.000126.00 ಅದಕ್ಕೂ ಒಂದೇ ಪದ, ಕಾಗದ ಸುರುಳಿಯಾಗಿ ಸಾಲು ಓರೆಯಾದರೆ ಬಲಗಡೆಯ ಮೊತ್ತ ಪಕ್ಕದ ಸಾಲಿಗೆ ಜಿಗಿಯುತ್ತದೆ. ಗುಣಾಕಾರದ ಪರೀಕ್ಷೆ ಅಲ್ಲೂ ತಪ್ಪದು.

ಬರೆದಿಡುವಾಗ ನಾನು ಒಂದು ಸಾಮಾನಿಗೆ ಒಂದೇ ಸಾಲು ಇಡುತ್ತೇನೆ: ಬಿಲ್ಲಿನಲ್ಲಿದ್ದ ಹಾಗೆಯೇ ಹೆಸರು, ನಾವು ಅರ್ಥಮಾಡಿಕೊಂಡ ಹೆಸರು, ಪ್ರಮಾಣ, ದರ, ಮೊತ್ತ, ತೆರಿಗೆ. ಕೊನೆಯಲ್ಲಿ ಇನ್ನೊಂದು ಕಾಲಂ, ಆ ಅಂಕಿ ಹೇಗೆ ಬಂತು ಎಂಬುದಕ್ಕೆ. ಕಣ್ಣಿಗೆ ಕಂಡದ್ದಕ್ಕೆ 'ಓದಿದ್ದು', ಟೊಮೆಟೊ, ಎಣ್ಣೆ, ಸೋಪಿಗೆ 'ಲೆಕ್ಕದಿಂದ'. ತೆರಿಗೆ ಪಟ್ಟಿಯೂ ಮಾಸಿದ್ದರೆ ಎಣ್ಣೆ ಮತ್ತು ಸೋಪಿನ ಎದುರು ಎರಡೂ ಸಾಧ್ಯತೆಗಳನ್ನು ಬರೆದು ಮೊತ್ತದ ಮನೆ ಖಾಲಿ ಬಿಡುತ್ತಿದ್ದೆ. ಇಬ್ಬರದೂ ಸೇರಿ 471 ಎಂಬುದಷ್ಟೇ ಆಗ ಖಚಿತ.

ಅಮ್ಮ ಪುಸ್ತಕ ಎಳೆದುಕೊಂಡು ಆರೂ ಸಾಲು ನೋಡಿದಳು. "ಸೋಪು ಯಾವುದು ಅಂತ ಬರೆದೇ ಇಲ್ವಲ್ಲೋ, ಗಂಧದ್ದು ಅದು" ಎಂದಳು. ಬಿಲ್ಲಿನಲ್ಲಿ ಇರುವುದು ಸ್ನಾನದ ಸೋಪು, ನಾಲ್ಕರದು ಎಂದಷ್ಟೆ. ಗಂಧದ್ದು ಎಂಬುದನ್ನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದು, ಪಕ್ಕದಲ್ಲಿ 'ಅಮ್ಮನ ನೆನಪು' ಎಂದು ಸೇರಿಸಿದೆ.