ಗಣೇಶೋತ್ಸವದ ಪೂರ್ವಭಾವಿ ಸಭೆ

ಬಡಾವಣೆಯ ಗಣೇಶೋತ್ಸವ ಸಮಿತಿಯ ಮೊದಲ ಸಭೆ ಹಬ್ಬಕ್ಕೆ ತಿಂಗಳೊಪ್ಪತ್ತು ಮುಂಚೆ ಸೇರಿದರೆ ಅನುಕೂಲ. ಚೌತಿಯ ದಿನವನ್ನು ಪಂಚಾಂಗವೇ ನಿಗದಿ ಮಾಡಿರುತ್ತದೆ. ಸಭೆ ತೀರ್ಮಾನಿಸಬೇಕಾದದ್ದು ವಿಸರ್ಜನೆಯ ದಿನವನ್ನು. 2025ರಲ್ಲಿ ಚೌತಿ ಆಗಸ್ಟ್ 27ರ ಬುಧವಾರ ಬಂದಿತ್ತು. ಮೂರನೆಯ ದಿನ ಶುಕ್ರವಾರ, ಐದನೆಯ ದಿನ ಭಾನುವಾರ. ಮೂರು ದಿನವಾದರೆ ಖರ್ಚು ಕಡಿಮೆ. ಭಾನುವಾರವಾದರೆ ಮೆರವಣಿಗೆಗೆ ಕೆಲಸಕ್ಕೆ ಹೋಗುವವರೂ ಸಿಗುತ್ತಾರೆ.

ದಿನ ಗೊತ್ತಾದ ಮೇಲೆ ಹೊಣೆ ಹಂಚಿಕೆ. ಖಜಾಂಚಿ ರಸೀದಿ ಪುಸ್ತಕಗಳನ್ನು ಕ್ರಮಸಂಖ್ಯೆ ಬರೆದುಕೊಂಡು ಕೊಡುತ್ತಾರೆ. ಹಿಂತಿರುಗಿದಾಗ ನಕಲು ಹಾಳೆಗೂ ಹಣಕ್ಕೂ ತಾಳೆ ನೋಡುತ್ತಾರೆ. ಒಬ್ಬರು ಪೊಲೀಸ್ ಅನುಮತಿ ಮತ್ತು ತಾತ್ಕಾಲಿಕ ವಿದ್ಯುತ್ ಸಂಪರ್ಕ, ಇನ್ನೊಬ್ಬರು ಪೆಂಡಾಲ್, ಮತ್ತೊಬ್ಬರು ಮಣ್ಣಿನ ಮೂರ್ತಿ ಮತ್ತು ಪ್ರಸಾದ ನೋಡಿಕೊಳ್ಳುತ್ತಾರೆ. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಆರ್ಕೆಸ್ಟ್ರಾ ಮುಗಿಸುವ ಹೊಣೆಗೂ ಒಬ್ಬರು ಬೇಕು.

ಸಾಮಾನ್ಯವಾಗಿ ಕೈಕೊಡುವುದು ರಾತ್ರಿ ಪೆಂಡಾಲ್ ಕಾವಲು. ‘ಹುಡುಗರು ನೋಡ್ಕೋತಾರೆ’ ಎಂದು ಬಿಟ್ಟರೆ ನಡುರಾತ್ರಿ ಅಲ್ಲಿ ಯಾರೂ ಇರುವುದಿಲ್ಲ, ದೀಪ ಮಾತ್ರ ಉರಿಯುತ್ತಿರುತ್ತದೆ. ಪಾಳಿಗೆ ಇಬ್ಬರಂತೆ ಹೆಸರು, ಗಂಟೆ ಬರೆಯಬೇಕು. ಪ್ರತಿ ಕೆಲಸದ ಮುಂದೆ ಹೆಸರು ಮತ್ತು ಗಡುವು ಬರೆದು, ಓದಿ ಹೇಳಿದ ಮೇಲೆಯೇ ಸಭೆ ಮುಗಿಸಬೇಕು.