ನಾಯಿ ಆಹಾರದ ಪೊಟ್ಟಣವನ್ನು ತಿರುಗಿಸಿ ನೋಡಿ

ನಾಯಿ ಆಹಾರದ ಚೀಲದ ಮುಂಭಾಗವನ್ನು ಚಿತ್ರ ಬರೆಯುವವರು ಸಿದ್ಧಪಡಿಸುತ್ತಾರೆ. ಹುರಿದ ಕೋಳಿ ತೊಡೆ, ಹಸಿ ಬಟಾಣಿ, ಹೊಳೆಯುವ ಕೂದಲಿನ ಲ್ಯಾಬ್ರಡಾರ್, ಎಲ್ಲ ಅಲ್ಲೇ ಇರುತ್ತವೆ. ನಾಯಿಗೆ ಬೇಕಾದ ವಿಷಯವೆಲ್ಲ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ. ಅಲ್ಲಿ ಮೂರು ಕಡೆ ಕಣ್ಣು ಹಾಯಿಸಬೇಕು: ಪದಾರ್ಥಗಳ ಪಟ್ಟಿ, ಶೇಕಡಾವಾರು ಲೆಕ್ಕ, ಮತ್ತು ಈ ಆಹಾರ ಯಾವ ವಯಸ್ಸಿನ ನಾಯಿಗೆ ಸಾಕಾಗುತ್ತದೆ ಎಂದು ಹೇಳುವ ಒಂದು ಸಾಲು. ಹೆಚ್ಚಿನವರು ಮೊದಲನೆಯದನ್ನು ಓದಿ ಚೀಲ ಕೆಳಗಿಡುತ್ತಾರೆ. ನನ್ನ ಮಟ್ಟಿಗೆ ಮೊದಲು ಹುಡುಕಬೇಕಾದದ್ದು ಮೂರನೆಯದು. ಆದರೆ ಎಲ್ಲರೂ ಎಡವುವುದು ಮೊದಲನೆಯದರಲ್ಲೇ ಆದ್ದರಿಂದ ಅಲ್ಲಿಂದಲೇ ಹೊರಡೋಣ.

ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯುವುದು ರೂಢಿ. ಆ ತೂಕ ಯಂತ್ರಕ್ಕೆ ಸುರಿಯುವಾಗಿನದು, ಅಂದರೆ ನೀರೂ ಸೇರಿದ್ದು. ಒಂದು ಉದಾಹರಣೆ ಇಟ್ಟುಕೊಳ್ಳೋಣ. 100 ಕಿಲೋ ಮಿಶ್ರಣಕ್ಕೆ 30 ಕಿಲೋ ಹಸಿ ಕೋಳಿಮಾಂಸ, 22 ಕಿಲೋ ಮೆಕ್ಕೆಜೋಳ, 16 ಕಿಲೋ ನುಚ್ಚಕ್ಕಿ, 16 ಕಿಲೋ ಅಕ್ಕಿ ತೌಡು, 16 ಕಿಲೋ ಸೋಯಾ ಹಿಂಡಿ. ಪಟ್ಟಿಯಲ್ಲಿ ಕೋಳಿಯೇ ಮೊದಲು. ಆದರೆ ಹಸಿ ಮಾಂಸದಲ್ಲಿ ಹತ್ತಿರ ಹತ್ತಿರ ಶೇ. 70ರಷ್ಟು ನೀರು. ಅದೆಲ್ಲ ಆವಿಯಾದರೆ 30 ಕಿಲೋ ಕೋಳಿಯಲ್ಲಿ ಉಳಿಯುವುದು ಸುಮಾರು 9 ಕಿಲೋ. ಮೂರು ಹೆಸರಿನಲ್ಲಿ ಹರಿದುಹಂಚಿಹೋದ ಧಾನ್ಯದ ಪಾಲನ್ನು ಕೂಡಿಸಿದರೆ 54 ಕಿಲೋ. ಅದರಲ್ಲಿ ನೀರು ಕಡಿಮೆಯಾದ್ದರಿಂದ ಒಣಗಿದ ಮೇಲೂ 47 ಕಿಲೋ ಉಳಿಯುತ್ತದೆ. ಸುಳ್ಳೊಂದೂ ಹೇಳದೆ ಧಾನ್ಯದ ಆಹಾರವನ್ನು ಕೋಳಿಯ ಆಹಾರವಾಗಿ ಮಾರುವ ಬಗೆ ಇದು.

ಇದಕ್ಕೆ ವಿರುದ್ಧವಾಗಿ 'ಚಿಕನ್ ಮೀಲ್' ಎಂಬ ಹೆಸರು ಕಂಡರೆ ಜನ ಮೂಗು ಮುರಿಯುತ್ತಾರೆ. ಅದು ಕೋಳಿಯ ಮಾಂಸ, ಚರ್ಮ, ಮೂಳೆಗಳನ್ನು ಬೇಯಿಸಿ, ಕೊಬ್ಬು ಮತ್ತು ನೀರು ತೆಗೆದು ಮಾಡಿದ ಪುಡಿ. ಒಣಗಿದ್ದೇ ಆದ್ದರಿಂದ ಕಿಲೋಗೆ ಕಿಲೋ ಹೋಲಿಸಿದರೆ ಹಸಿ ಮಾಂಸಕ್ಕಿಂತ ಪ್ರೋಟೀನ್ ಎಷ್ಟೋ ಹೆಚ್ಚು. 'ಬೈ ಪ್ರಾಡಕ್ಟ್ಸ್' ಎಂದರೂ ಹೆದರಬೇಕಿಲ್ಲ. ಲಿವರ್, ಗುಂಡಿಗೆ ಅದರಲ್ಲೇ ಬರುತ್ತವೆ, ನಾಯಿಗೆ ಅವು ಒಳ್ಳೆಯವೇ. ನನಗೆ ಅನುಮಾನ ಬರುವುದು 'ಮಾಂಸ ಮತ್ತು ಮಾಂಸದ ಉಪ ಉತ್ಪನ್ನಗಳು' ಎಂದಷ್ಟೇ ಬರೆದಾಗ. ಯಾವ ಪ್ರಾಣಿಯದು ಎಂಬುದಿಲ್ಲ, ಒಂದೊಂದು ಬ್ಯಾಚಿಗೆ ಒಂದೊಂದು ಇರಬಹುದು. ನಿಮ್ಮ ನಾಯಿಗೆ ಕೋಳಿಯಿಂದಲೋ ದನದ ಮಾಂಸದಿಂದಲೋ ತುರಿಕೆ ಬರುತ್ತದೆ ಎಂದಾದರೆ ಆ ಚೀಲ ನಿಮಗಲ್ಲ.

ಇನ್ನು 'ಫಿಲ್ಲರ್'. ಬರೀ ಹೊಟ್ಟೆ ತುಂಬಿಸುವ, ಪೋಷಣೆಯಿಲ್ಲದ ವಸ್ತು ಎಂಬ ಅರ್ಥದಲ್ಲಿ ಈ ಮಾತನ್ನು ಬಳಸುತ್ತಾರೆ. ಮೆಕ್ಕೆಜೋಳಕ್ಕೆ, ಅಕ್ಕಿಗೆ, ಸೋಯಾಕ್ಕೆ ಕಣ್ಣುಮುಚ್ಚಿ ಅಂಟಿಸುತ್ತಾರೆ. ನಾಯಿ ತೋಳದ ಕುಲದ್ದೇ ಆದರೂ ತೋಳವಲ್ಲ. ಪಿಷ್ಟವನ್ನು ಒಡೆಯುವ ಕಿಣ್ವದ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚಿವೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಮನುಷ್ಯರ ಮನೆಯಂಗಳದಲ್ಲಿ ಸಾವಿರಾರು ವರ್ಷ ಅನ್ನ, ರೊಟ್ಟಿ ತಿಂದದ್ದರ ಗುರುತು ಅದು. ಚೆನ್ನಾಗಿ ಬೆಂದ ಧಾನ್ಯ ನಾಯಿಗೆ ಜೀರ್ಣವಾಗುತ್ತದೆ. ಮೆಕ್ಕೆಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಸೋಯಾದಲ್ಲಿ ಅದು ಧಾರಾಳ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಧಾನ್ಯ ಇದೆಯೇ ಇಲ್ಲವೇ ಎಂಬುದಕ್ಕಿಂತ ಎಷ್ಟಿದೆ ಎಂಬುದೇ ಮುಖ್ಯ.

ಅದನ್ನು ನೀವೇ ಲೆಕ್ಕ ಹಾಕಬಹುದು. ಚೀಲದಲ್ಲಿ ಪ್ರೋಟೀನ್ 20, ಕೊಬ್ಬು 10, ನಾರು 5, ತೇವಾಂಶ 12 ಎಂದು ಬರೆದಿದೆ ಅನ್ನಿ. ಬೂದಿ, ಅಂದರೆ ಖನಿಜಾಂಶ, ಬರೆದಿರದಿದ್ದರೆ 8 ಎಂದು ಹಿಡಿಯಿರಿ. ಒಟ್ಟು 55. ನೂರರಲ್ಲಿ ಉಳಿದ 45 ಬಹುತೇಕ ಪಿಷ್ಟ. ಬರೆದಿರುವುದು ಕನಿಷ್ಠ ಮತ್ತು ಗರಿಷ್ಠ ಮಿತಿಗಳಾದ್ದರಿಂದ ಇದು ಅಂದಾಜು ಮಾತ್ರ, ಆದರೂ ಎರಡು ಚೀಲಗಳನ್ನು ಹೋಲಿಸಲು ಸಾಕು. ಒಣ ಕಾಳನ್ನೂ ಗ್ರೇವಿ ಪೌಚನ್ನೂ ಹೋಲಿಸುವಾಗ ಮಾತ್ರ ಮೊದಲು ನೀರನ್ನು ಕಳೆಯಲೇಬೇಕು. ಪೌಚಿನಲ್ಲಿ ಪ್ರೋಟೀನ್ ಶೇ. 8, ತೇವಾಂಶ ಶೇ. 82 ಎಂದಿದ್ದರೆ ಒಣ ಅಂಶ 18. ಎಂಟನ್ನು ಹದಿನೆಂಟರಿಂದ ಭಾಗಿಸಿದರೆ ಶೇ. 44. ಮೇಲಿನ ಚೀಲದ್ದು ಇಪ್ಪತ್ತನ್ನು ಎಂಬತ್ತೆಂಟರಿಂದ ಭಾಗಿಸಿದರೆ ಶೇ. 23 ಕೂಡ ಮುಟ್ಟುವುದಿಲ್ಲ. ಬಡಕಲಾಗಿ ಕಂಡದ್ದೇ ದಷ್ಟಪುಷ್ಟ!

ಆದರೆ ಈ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. 'ಕ್ರೂಡ್ ಪ್ರೋಟೀನ್' ಎಂದರೆ ಪ್ರಯೋಗಾಲಯದಲ್ಲಿ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ತೆಗೆದ ಸಂಖ್ಯೆ. ಸಾರಜನಕ ಮಾಂಸದಿಂದ ಬಂತೋ ಬೇರೆಲ್ಲಿಂದ ಬಂತೋ ಪರೀಕ್ಷೆಗೆ ತಿಳಿಯದು. ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಮೆಲಮೈನ್‌ನಲ್ಲಿ ಸಾರಜನಕ ತೂಕದ ಮೂರರಲ್ಲಿ ಎರಡು ಪಾಲು. ಚೀನಾದಿಂದ ಬಂದ ಗೋಧಿ ಗ್ಲುಟೆನ್‌ಗೆ ಅದನ್ನು ಬೆರೆಸಿ ಪ್ರೋಟೀನ್ ಹೆಚ್ಚಿದಂತೆ ತೋರಿಸಿದ್ದರು. 2007ರಲ್ಲಿ ಅಮೆರಿಕದಲ್ಲಿ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತದ್ದು, ಭಾರೀ ಪ್ರಮಾಣದ ಆಹಾರವನ್ನು ಅಂಗಡಿಗಳಿಂದ ವಾಪಸು ತರಿಸಿದ್ದು ಇದರಿಂದಲೇ.

ಈಗ ಆ ಒಂದು ಸಾಲು: 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್'. ನಾಯಿಗೆ ಬೇಕಾದ ಎಲ್ಲ ಪೋಷಕಾಂಶಗಳೂ ಇವೆ, ಒಂದಕ್ಕೊಂದು ಸರಿಯಾದ ಪ್ರಮಾಣದಲ್ಲಿವೆ, ಇದೊಂದನ್ನೇ ಕೊಟ್ಟರೂ ನಡೆಯುತ್ತದೆ ಎಂಬ ಹೇಳಿಕೆ ಅದು. ಪ್ರಮಾಣದ ಮಾತು ಏಕೆಂದು ತಿಳಿಯಬೇಕಾದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಾಯಿಮರಿಗೆ ಹಾಕುವ ಅನ್ನ, ಮೂಳೆಯಿಲ್ಲದ ಕೋಳಿ ನೋಡಿ. ಪ್ರೋಟೀನ್‌ಗೆ ಕೊರತೆಯಿಲ್ಲ. ಆದರೆ ಆ ಮಾಂಸದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಹತ್ತು ಪಟ್ಟಿಗೂ ಹೆಚ್ಚು. ಇರಬೇಕಾದದ್ದು ಕ್ಯಾಲ್ಸಿಯಂ ರಂಜಕದಷ್ಟೇ ಅಥವಾ ಅದರ ಎರಡು ಪಟ್ಟಿನೊಳಗೆ. ರಕ್ತದಲ್ಲಿ ಕಡಿಮೆಯಾದ ಕ್ಯಾಲ್ಸಿಯಂ ಅನ್ನು ಮರಿಯ ದೇಹ ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಮೈಕೈ ತುಂಬಿಕೊಂಡೇ ಇರುವ ಮರಿ ಕುಂಟತೊಡಗುತ್ತದೆ, ಕಾಲು ಬಾಗುತ್ತದೆ, ಸೋಫಾದಿಂದ ಹಾರಿದರೂ ಮೂಳೆ ಮುರಿಯಬಹುದು.

ಈ ಹೇಳಿಕೆಗೆ ಹೆಚ್ಚಾಗಿ ಆಧಾರವಾಗಿರುವುದು ಅಮೆರಿಕದ ಆಫ್ಕೋ ಎಂಬ ಸಂಘ ರೂಪಿಸಿದ ಪಟ್ಟಿ. ಅದರ ಪ್ರಕಾರ ಬೆಳೆದ ನಾಯಿಗೆ ಒಣ ಅಂಶದಲ್ಲಿ ಕನಿಷ್ಠ ಶೇ. 18, ಮರಿಗೆ ಮತ್ತು ಬಸುರಿ, ಬಾಣಂತಿ ನಾಯಿಗೆ ಶೇ. 22.5 ಪ್ರೋಟೀನ್ ಇರಬೇಕು. ಆಫ್ಕೋ ಯಾವ ಪೊಟ್ಟಣವನ್ನೂ ಪರೀಕ್ಷಿಸುವುದಿಲ್ಲ, ಒಪ್ಪಿಗೆ ಮುದ್ರೆಯನ್ನೂ ಒತ್ತುವುದಿಲ್ಲ. 'ಆಫ್ಕೋ ಅಪ್ರೂವ್ಡ್' ಎಂದು ಯಾರಾದರೂ ಬರೆದಿದ್ದರೆ ಅದು ಬರೀ ಬೊಗಳೆ. ಕಂಪನಿ ಆ ಪಟ್ಟಿಗೆ ಹೊಂದುವಂತೆ ಪಾಕ ರೂಪಿಸಿರಬಹುದು, ಇಲ್ಲವೇ ನಾಯಿಗಳಿಗೇ ತಿನ್ನಿಸಿ ನೋಡಿರಬಹುದು. ಬೆಳೆದ ನಾಯಿಗಳ ಈ ಪರೀಕ್ಷೆಗೆ ಎಂಟು ನಾಯಿ, 26 ವಾರ ಸಾಕು. ಆರು ನಾಯಿ ಕೊನೆಯವರೆಗೆ ಉಳಿದು ತೂಕವೂ ರಕ್ತದ ನಾಲ್ಕು ಅಳತೆಗಳೂ ಸರಿಯಿದ್ದರೆ ಪಾಸು. ಹತ್ತು ವರ್ಷ ಅದನ್ನೇ ತಿಂದರೆ ಏನಾಗುತ್ತದೆ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ.

ಆ ಸಾಲಿನಲ್ಲಿ ವಯಸ್ಸೂ ಇರುತ್ತದೆ. 'ಅಡಲ್ಟ್ ಮೇಂಟೆನೆನ್ಸ್' ಎಂದಿದ್ದರೆ ಮರಿಗೆ ಕೊಡಬೇಡಿ. ಬೆಳೆದಾಗ 32 ಕಿಲೋ ಮೀರುವ ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ಗಳಂಥ ಮರಿಗಳಿಗೆ ದೊಡ್ಡ ತಳಿಯ ಬೆಳವಣಿಗೆಗೂ ಆಗುತ್ತದೆ ಎಂಬ ಮಾತನ್ನು ಹುಡುಕಿ, ಏಕೆಂದರೆ ಅವುಗಳ ಮೂಳೆಗೆ ಕ್ಯಾಲ್ಸಿಯಂ ಹೆಚ್ಚಾದರೂ ತೊಂದರೆ. ಗ್ರೇವಿ ಪೌಚು, ಬಿಸ್ಕತ್ತುಗಳ ಮೇಲೆ 'ಸಪ್ಲಿಮೆಂಟಲ್ ಫೀಡಿಂಗ್ ಓನ್ಲಿ' ಎಂದಿದ್ದರೆ ಅದನ್ನು ಊಟದ ಮೇಲೆ ಒಂದಿಷ್ಟು ಹಾಕಿ, ಅದನ್ನೇ ಊಟ ಮಾಡಬೇಡಿ. ಎಲ್ಲಿ ಹುಡುಕಿದರೂ ಆ ಸಾಲೇ ಸಿಗದಿದ್ದರೆ ಪೊಟ್ಟಣದ ಮೇಲಿರುವ ಗ್ರಾಹಕ ಸೇವೆಯ ಸಂಖ್ಯೆಗೆ ಫೋನ್ ಮಾಡಿ, ಯಾವ ವಯಸ್ಸಿಗೆ, ಯಾವ ಮಾನದಂಡದಂತೆ ತಯಾರಿಸಿದ್ದೀರಿ ಎಂದು ಕೇಳಿ. ಉತ್ತರ ಬಾರದಿದ್ದರೆ ಬೇರೆ ಚೀಲ ಕೊಳ್ಳಿ.